ಪೀನ ಮಸೂರ, ನಿಮ್ನ ದರ್ಪಣಗಳ ಕಿರಣಚಿತ್ರವನ್ನು ಬರೆಯುವ ಕ್ರಮ

ಅರ್ಧವಾರ್ಷಿಕ ಪರೀಕ್ಷೆಯ ವಿಜ್ಞಾನದ ಉತ್ತರಪತ್ರಿಕೆಗಳನ್ನು ತಿದ್ದುತ್ತಿರುವಾಗ ಒಂದು ಪತ್ರಿಕೆಯು ನಮ್ಮನ್ನು ಬಹಳ ಹೊತ್ತು ತಡೆದು ನಿಲ್ಲಿಸಿತು. ನಿಮ್ನ ದರ್ಪಣದ ಮುಂದೆ, ವಕ್ರತಾ ಕೇಂದ್ರಕ್ಕೂ ಸಂಗಮಬಿಂದುವಿಗೂ ನಡುವೆ ವಸ್ತುವನ್ನಿಟ್ಟರೆ ಪ್ರತಿಬಿಂಬವು ಎಲ್ಲಿ ಉಂಟಾಗುವುದೆಂಬುದನ್ನು ಚಿತ್ರಸಹಿತವಾಗಿ ತೋರಿಸಬೇಕೆಂಬುದೇ ಪ್ರಶ್ನೆ. ಆ ಬಾಲಕಿಯು, "ಪ್ರತಿಬಿಂಬವು ವಕ್ರತಾ ಕೇಂದ್ರದಿಂದ ಆಚೆಗೆ ಉಂಟಾಗುತ್ತದೆ; ಅದು ತಲೆಕೆಳಗಾಗಿಯೂ ವಸ್ತುವಿಗಿಂತ ದೊಡ್ಡದಾಗಿಯೂ ಸತ್ಯವಾಗಿಯೂ ಇರುತ್ತದೆ" ಎಂದು ಒಂದಕ್ಷರವೂ ತಪ್ಪದೆ ಬರೆದಿದ್ದಳು. ಆದರೆ ಕೆಳಗಿದ್ದ ಚಿತ್ರದಲ್ಲಿ ಪ್ರತಿಬಿಂಬವು ದರ್ಪಣದ ಬೆನ್ನ ಹಿಂದೆ ತಲೆಕೆಳಗಾಗಿ ನಿಂತಿತ್ತು. ಮಾತು ಒಂದನ್ನು ಹೇಳಿದರೆ ಗೆರೆಯು ಇನ್ನೊಂದನ್ನು ಹೇಳುತ್ತಿತ್ತು.

ನಾವು ಅವಳನ್ನು ಕರೆಯಿಸಿ ಕೇಳಲು ಅವಳು ಪುಸ್ತಕದಲ್ಲಿರುವ ಪಟ್ಟಿಯನ್ನು ಮೊದಲಿನಿಂದ ಕಡೆಯ ವರೆಗೂ ಒಪ್ಪಿಸಿದಳು. "ಹಾಗಾದರೆ ಚಿತ್ರದಲ್ಲಿ ಹೀಗೇಕೆ ಬರೆದೆ?" ಎಂದಾಗ, "ಟೀಚರ್, ಮಸೂರದಲ್ಲಿ ಪ್ರತಿಬಿಂಬವು ಆಚೆ ಕಡೆಗೆ ಬೀಳುತ್ತದಲ್ಲವೇ?" ಎಂದಳು. ತಪ್ಪು ಎಲ್ಲಿಂದ ಹುಟ್ಟಿತೆಂಬುದು ಆಗ ನಮಗೆ ತಿಳಿಯಿತು. ಮಸೂರಕ್ಕೂ ದರ್ಪಣಕ್ಕೂ ಪಟ್ಟಿಯು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಬಾಯಿಪಾಠ ಮಾಡಿದವರ ಕೈಯಲ್ಲಿ ಎರಡೂ ಬೆರೆತುಹೋಗುತ್ತವೆ. ಅವುಗಳನ್ನು ಬೇರ್ಪಡಿಸತಕ್ಕ ಉಪಾಯವು ಅಳತೆಗೋಲೊಂದೇ. ಮನೆಯಲ್ಲಿ ಮಕ್ಕಳ ಪಾಠವನ್ನು ನೋಡಿಕೊಳ್ಳುವ ತಂದೆತಾಯಿಗಳಿಗೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಉಪಯೋಗವಾಗಲೆಂದು ಆ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಪೀನ ಮಸೂರವನ್ನು ತೆಗೆದುಕೊಳ್ಳೋಣ. ಕಾಗದದ ಮೇಲೆ ಅಡ್ಡವಾಗಿ ಒಂದು ನೇರ ಗೆರೆಯನ್ನೆಳೆಯತಕ್ಕದ್ದು. ಇದೇ ಪ್ರಧಾನ ಅಕ್ಷ. ಅದರ ನಡುವೆ ಲಂಬವಾಗಿ ಮಸೂರವನ್ನು ಬರೆದು, ಅಕ್ಷವು ಮಸೂರವನ್ನು ದಾಟುವ ನಡುಬಿಂದುವನ್ನು 'ಓ' ಎಂದು ಗುರುತಿಸಬೇಕು. ಇನ್ನು ವಸ್ತುವನ್ನಾಗಲಿ ಕಿರಣವನ್ನಾಗಲಿ ಎಳೆಯುವುದಕ್ಕೆ ಮುಂಚೆಯೇ ಬಿಂದುಗಳನ್ನು ಅಳೆದು ಇಡತಕ್ಕದ್ದು. ಸಂಗಮದೂರವು 2 ಸೆಂಟಿಮೀಟರು ಎಂದಿಟ್ಟುಕೊಂಡರೆ 'ಓ' ಬಿಂದುವಿನಿಂದ ಎಡಕ್ಕೂ ಬಲಕ್ಕೂ 2 ಸೆಂಟಿಮೀಟರು ದೂರದಲ್ಲಿ ಸಂಗಮಬಿಂದುಗಳು ಬರುತ್ತವೆ. ಅವುಗಳಿಗೆ 'ಎಫ್' ಎಂದು ಹೆಸರು. 4 ಸೆಂಟಿಮೀಟರು ದೂರದಲ್ಲಿ ಎರಡು ಕಡೆಗೂ '2ಎಫ್' ಬರುತ್ತದೆ. ಕಣ್ಣಳತೆಯಿಂದ ಇಟ್ಟ '2ಎಫ್' ಬಿಂದುವು 'ಎಫ್'ನ ದೂರಕ್ಕೆ ಸರಿಯಾಗಿ ಎರಡರಷ್ಟಾಗುವುದು ಅಪರೂಪ. ಆ ಮೇಲೆ ಕಿರಣಗಳು ಸರಿಯಾದ ಸ್ಥಳದಲ್ಲಿಯೇ ಕೂಡಿದರೂ ಬರೆದ ಹೆಸರು ಸುಳ್ಳಾಗುವುದುಂಟು.

ಈಗ ಎಡಗಡೆಯಲ್ಲಿ ಮಸೂರದಿಂದ 3 ಸೆಂಟಿಮೀಟರು ದೂರಕ್ಕೆ, ಅಂದರೆ 'ಎಫ್' ಮತ್ತು '2ಎಫ್'ಗಳ ಸರಿನಡುವೆ, 1 ಸೆಂಟಿಮೀಟರು ಎತ್ತರದ ಬಾಣವನ್ನು ವಸ್ತುವಾಗಿ ನಿಲ್ಲಿಸೋಣ. ಅದರ ತುದಿಯಿಂದ ಎರಡು ಕಿರಣಗಳು ಸಾಕು. ಒಂದು, ಅಕ್ಷಕ್ಕೆ ಸಮಾಂತರವಾಗಿ ಹೊರಟು ಮಸೂರವನ್ನು ಮುಟ್ಟಿ, ಅಲ್ಲಿ ಬಾಗಿ ಬಲಗಡೆಯ 'ಎಫ್' ಮೂಲಕ ಹೋಗತಕ್ಕದ್ದು. ಇನ್ನೊಂದು, 'ಓ' ಮೂಲಕ ಬಾಗದೆ ನೇರವಾಗಿ ಹೋಗತಕ್ಕದ್ದು. ಎರಡನ್ನೂ ಅಳತೆಗೋಲಿನಿಂದ ಎಳೆದರೆ ಅವು ಬಲಗಡೆಯಲ್ಲಿ, ಮಸೂರದಿಂದ 6 ಸೆಂಟಿಮೀಟರು ದೂರದಲ್ಲಿ, ಅಕ್ಷದಿಂದ 2 ಸೆಂಟಿಮೀಟರು ಕೆಳಗೆ ಕೂಡುತ್ತವೆ. ಅಲ್ಲಿಂದ ಅಕ್ಷದ ವರೆಗೆ ಎಳೆದ ಬಾಣವೇ ಪ್ರತಿಬಿಂಬ. '2ಎಫ್' ಇರುವುದು 4ರಲ್ಲಿ, ಪ್ರತಿಬಿಂಬವಿರುವುದು 6ರಲ್ಲಿ. ಆದಕಾರಣ "2ಎಫ್‌ನಿಂದ ಆಚೆಗೆ, ತಲೆಕೆಳಗಾಗಿ, ವಸ್ತುವಿಗಿಂತ ದೊಡ್ಡದಾಗಿ" ಎಂಬ ಪಟ್ಟಿಯ ಮಾತನ್ನು ಚಿತ್ರವೇ ನುಡಿಯುತ್ತದೆ. ಪ್ರತಿಯೊಂದು ಕಿರಣದ ಮೇಲೂ, ಮಸೂರಕ್ಕೆ ಮುಂಚೆಯೂ ಅನಂತರವೂ, ಬೆಳಕು ಹೋಗುವ ದಿಕ್ಕಿಗೆ ಬಾಣದ ಗುರುತಿರಬೇಕು. ಅದಿಲ್ಲದ ಗೆರೆಯು ಕೇವಲ ಗೆರೆಯೇ ಹೊರತು ಕಿರಣವಲ್ಲ.

ಉತ್ತರವು ಸರಿಯೋ ಎಂದು ತಿಳಿಯಲು ಪುಸ್ತಕವನ್ನು ನೋಡಬೇಕಾಗಿಲ್ಲ. ಪ್ರತಿಬಿಂಬದ ದೂರವು ವಸ್ತುವಿನ ದೂರಕ್ಕೆ ಎಷ್ಟರಷ್ಟೋ ಅದರ ಎತ್ತರವೂ ವಸ್ತುವಿನ ಎತ್ತರಕ್ಕೆ ಅಷ್ಟರಷ್ಟೇ ಇರಬೇಕು. ಇಲ್ಲಿ 6 ಎಂಬುದು 3ರ ಎರಡರಷ್ಟು; 2 ಎಂಬುದು 1ರ ಎರಡರಷ್ಟು. ಸೂತ್ರದಿಂದಲೂ ನೋಡಬಹುದು: 1/v = 1/2 − 1/3 = 1/6, ಆದುದರಿಂದ v = 6.

ಇನ್ನು ನಿಮ್ನ ದರ್ಪಣ. ಇಲ್ಲಿ ಮೊದಲು ಎಳೆಯಬೇಕಾದುದು ಅಕ್ಷ. ಅದರ ಮೇಲೆ ವಕ್ರತಾ ಕೇಂದ್ರವಾದ 'ಸಿ' ಬಿಂದುವನ್ನಿಟ್ಟು, ಕೈವಾರದ ಮುಳ್ಳನ್ನು ಅಲ್ಲಿಯೇ ಊರಿ 4 ಸೆಂಟಿಮೀಟರು ತ್ರಿಜ್ಯದಿಂದ ಕಂಸವನ್ನು ಬರೆಯಬೇಕು. ಕಂಸವನ್ನು ಮೊದಲು ಬರೆದು 'ಸಿ' ಬಿಂದುವನ್ನು ಆ ಮೇಲೆ ಮನಬಂದಲ್ಲಿ ಇಡುವ ಅಭ್ಯಾಸವು ಅನೇಕರಿಗಿದೆ. ಆ ಬಿಂದುವು ಆ ಕಂಸಕ್ಕೆ ಕೇಂದ್ರವೇ ಆಗಿರುವುದಿಲ್ಲ. ಕಂಸವು ಅಕ್ಷವನ್ನು ಮುಟ್ಟುವಲ್ಲಿ ಧ್ರುವ, ಅಂದರೆ 'ಪಿ'. 'ಪಿ' ಮತ್ತು 'ಸಿ'ಗಳ ಸರಿನಡುವೆ, 2 ಸೆಂಟಿಮೀಟರಿನಲ್ಲಿ, 'ಎಫ್'. ವಸ್ತುವನ್ನು ಮೊದಲಿನಂತೆಯೇ 3 ಸೆಂಟಿಮೀಟರಿನಲ್ಲಿ ನಿಲ್ಲಿಸೋಣ. ಸಮಾಂತರವಾಗಿ ಹೋದ ಕಿರಣವು ದರ್ಪಣವನ್ನು ತಾಕಿ 'ಎಫ್' ಮೂಲಕ ಹಿಂದಿರುಗುತ್ತದೆ. 'ಎಫ್' ಮೂಲಕ ಹೋದ ಕಿರಣವು ದರ್ಪಣವನ್ನು ತಾಕಿ ಅಕ್ಷಕ್ಕೆ ಸಮಾಂತರವಾಗಿ ಹಿಂದಿರುಗುತ್ತದೆ. ಲೆಕ್ಕದ ಪ್ರಕಾರ ಅವೆರಡೂ ಧ್ರುವದಿಂದ 6 ಸೆಂಟಿಮೀಟರು ದೂರದಲ್ಲಿ, 'ಸಿ'ಯಿಂದ ಆಚೆಗೆ, ದರ್ಪಣದ ಮುಂದೆಯೇ ಕೂಡಬೇಕು. ಅದೇ 3, ಅದೇ 6, ಬದಲಾದುದು ಪಾರ್ಶ್ವವೊಂದೇ. ಯಾಕೆಂದರೆ ಮಸೂರವು ಬೆಳಕನ್ನು ಆಚೆಗೆ ಹೋಗಗೊಡುತ್ತದೆ, ದರ್ಪಣವು ಬಂದ ಕಡೆಗೇ ತಿರುಗಿಸುತ್ತದೆ. ಬೆಳಕು ಹೋಗದ ಕಡೆಯಲ್ಲಿ ಸತ್ಯ ಪ್ರತಿಬಿಂಬವು ಹೇಗೆ ಉಂಟಾದೀತು? ಈ ಒಂದು ಮಾತನ್ನು ಕೇಳಿದ ಕೂಡಲೇ ಆ ಬಾಲಕಿಯು ತನ್ನ ಚಿತ್ರವನ್ನು ತಾನೇ ಅಳಿಸಿದಳು.

ಆದರೂ ಒಂದು ತೊಡಕುಂಟು, ಅದನ್ನು ಮರೆಮಾಡಬಾರದು. ಶ್ರದ್ಧೆಯಿಂದ ಅಳೆದು ಬರೆದ ಹುಡುಗಿಗೆ ದರ್ಪಣದಲ್ಲಿ 6 ಬರುವುದಿಲ್ಲ. 1 ಸೆಂಟಿಮೀಟರು ಎತ್ತರದ ವಸ್ತುವನ್ನಿಟ್ಟು ಕಿರಣಗಳನ್ನು ಕಂಸದ ಮೇಲೆಯೇ ತಿರುಗಿಸಿದರೆ ಅವು ಸುಮಾರು 5 ಸೆಂಟಿಮೀಟರಿನಲ್ಲಿಯೇ ಕೂಡಿಬಿಡುತ್ತವೆ. ಆಗ ಅವಳು ತನ್ನ ಕೈಯನ್ನು ಶಂಕಿಸಿ, ಬಿಂದುಗಳನ್ನು ಅತ್ತಿತ್ತ ಸರಿಸಿ, ಸರಿಯಾಗಿದ್ದುದನ್ನು ಕೆಡಿಸುತ್ತಾಳೆ. ಕೈಯಲ್ಲಿ ತಪ್ಪಿಲ್ಲ. ನಮ್ಮ ನಿಯಮಗಳೂ ಸೂತ್ರವೂ ಧ್ರುವದ ಸಮೀಪದಲ್ಲಿ ತಾಕುವ ಕಿರಣಗಳಿಗೆ ಮಾತ್ರ ಸರಿಹೊಂದುತ್ತವೆ. ಗೋಳಾಕಾರದ ದರ್ಪಣದ ಅಂಚಿನಲ್ಲಿ ತಾಕಿದ ಕಿರಣಗಳಿಗೆ ಅವು ಸಲ್ಲವು. ವಸ್ತುವಿನ ಎತ್ತರವನ್ನು ಅರ್ಧ ಸೆಂಟಿಮೀಟರಿಗೆ ಇಳಿಸಿದರೆ ಕಿರಣಗಳು ಧ್ರುವದ ಬಳಿಯಲ್ಲಿ ತಾಕಿ ಪ್ರತಿಬಿಂಬವು ಸುಮಾರು 5.7ಕ್ಕೆ ಬರುತ್ತದೆ. 6ನ್ನೇ ಕಾಣಬೇಕೆಂದಿದ್ದರೆ, ಧ್ರುವದಲ್ಲಿ ಅಕ್ಷಕ್ಕೆ ಲಂಬವಾಗಿ ಒಂದು ತೆಳುವಾದ ಗೆರೆಯನ್ನೆಳೆದು ಕಿರಣಗಳನ್ನು ಆ ಗೆರೆಯ ಮೇಲೆ ತಿರುಗಿಸಿ ನೋಡಬಹುದು; ಇದು ಮನೆಯ ಅಭ್ಯಾಸಕ್ಕೆ ಒಳ್ಳೆಯದು. ಪರೀಕ್ಷೆಯಲ್ಲಿ ಗಿಡ್ಡನೆಯ ವಸ್ತುವನ್ನಿಟ್ಟು, ಕಂಸದ ಮೇಲೆಯೇ ತಿರುಗಿಸಿ, ಪ್ರತಿಬಿಂಬವು 'ಸಿ'ಯಿಂದ ಆಚೆಗೆ ಬಿದ್ದಿದೆಯೆಂದು ಕಂಡುಕೊಂಡರೆ ಸಾಕು. ಈ ಸ್ಥಾನದಲ್ಲಿ 'ಸಿ' ಮೂಲಕ ಹಾಯುವ ಕಿರಣವನ್ನು ಆರಿಸದಿರುವುದೇ ಲೇಸು. 1 ಸೆಂಟಿಮೀಟರು ಎತ್ತರದ ವಸ್ತುವಿಗೆ ಅದು ಅಕ್ಷದಿಂದ ಸುಮಾರು 3 ಸೆಂಟಿಮೀಟರು ಮೇಲೆ ಹೋಗಿ ದರ್ಪಣವನ್ನು ತಾಕುತ್ತದೆ, ಅಷ್ಟು ಎತ್ತರಕ್ಕೆ ಕಂಸವನ್ನೇ ಯಾರೂ ಬರೆದಿರುವುದಿಲ್ಲ.

ಹಾಗಾದರೆ ದರ್ಪಣದ ಹಿಂದೆ ಪ್ರತಿಬಿಂಬವು ಎಂದಿಗೂ ಉಂಟಾಗುವುದಿಲ್ಲವೋ ಎಂದರೆ, ವಸ್ತುವು 'ಎಫ್' ಬಿಂದುವನ್ನು ದಾಟಿ ದರ್ಪಣದ ಸಮೀಪಕ್ಕೆ ಬಂದಾಗ ಮಾತ್ರ ಉಂಟಾಗುತ್ತದೆ. ವಸ್ತುವನ್ನು 1 ಸೆಂಟಿಮೀಟರಿಗೆ ತಂದಿಡೋಣ. ಹಿಂದಿರುಗಿದ ಕಿರಣಗಳು ಮುಂದೆ ಎಲ್ಲಿಯೂ ಕೂಡದೆ ಅಗಲುತ್ತಾ ಹೋಗುತ್ತವೆ. ಅವುಗಳನ್ನು ದರ್ಪಣದ ಹಿಂದಕ್ಕೆ ಚುಕ್ಕಿಗೆರೆಗಳಿಂದ ಬೆಳೆಯಿಸಿದರೆ, ಲೆಕ್ಕದಂತೆ 2 ಸೆಂಟಿಮೀಟರು ಹಿಂದೆ, ನೇರವಾಗಿ, ಎರಡರಷ್ಟು ಎತ್ತರದ ಪ್ರತಿಬಿಂಬವು ದೊರೆಯುತ್ತದೆ. ಪೀನ ಮಸೂರದಲ್ಲಿಯೂ ವಸ್ತುವು 1 ಸೆಂಟಿಮೀಟರಿನಲ್ಲಿದ್ದರೆ ಅದೇ 2 ಸೆಂಟಿಮೀಟರು, ಅದೇ ಎರಡರಷ್ಟು ಎತ್ತರ; ಆದರೆ ಅದು ವಸ್ತುವಿರುವ ಕಡೆಯಲ್ಲಿಯೇ ಇರುತ್ತದೆ. ಇವೆರಡೂ ಮಿಥ್ಯ ಪ್ರತಿಬಿಂಬಗಳು. ಹೀಗೆ ಪಾರ್ಶ್ವವು ಮತ್ತೊಮ್ಮೆ ಅದಲುಬದಲಾಗುವುದನ್ನು ಗಮನಿಸಬೇಕು: ಸತ್ಯ ಪ್ರತಿಬಿಂಬವು ಮಸೂರದ ಆಚೆಗೆ, ದರ್ಪಣದ ಈಚೆಗೆ, ಮಿಥ್ಯ ಪ್ರತಿಬಿಂಬವು ಮಸೂರದ ಈಚೆಗೆ, ದರ್ಪಣದ ಆಚೆಗೆ. ಚುಕ್ಕಿಗೆರೆಯು ಮಿಥ್ಯಕ್ಕೆ ಮಾತ್ರ ಸಲ್ಲುವುದು. ತಲೆಕೆಳಗಾದ ಪ್ರತಿಬಿಂಬಕ್ಕೆ ಚುಕ್ಕಿಗೆರೆಯನ್ನು ಎಳೆದಿದ್ದರೆ ಎಲ್ಲಿಯೋ ತಪ್ಪಾಗಿದೆಯೆಂದು ಆಗಲೇ ತಿಳಿಯಬಹುದು.

ಇದನ್ನು ನಂಬುವುದಕ್ಕೆ ಕಣ್ಣಿನಿಂದ ನೋಡುವುದೇ ಮೇಲು. ಮನೆಯಲ್ಲಿ ಹಿರಿಯರು ಸಣ್ಣಕ್ಷರವನ್ನು ಓದಲು ಇಟ್ಟುಕೊಂಡಿರುವ ಭೂತಗನ್ನಡಿಯು ಪೀನ ಮಸೂರವೇ. ದೂರದ ಮರದ ಚಿತ್ರವು ಬಿಳಿಯ ಕಾಗದದ ಮೇಲೆ ಸ್ಪಷ್ಟವಾಗಿ ಬೀಳುವಂತೆ ಅದನ್ನು ಹಿಡಿದು, ಕಾಗದಕ್ಕೂ ಗಾಜಿಗೂ ಇರುವ ದೂರವನ್ನು ಅಳೆದರೆ ಅದೇ ಸಂಗಮದೂರ. ಸೂರ್ಯನ ಕಡೆಗೆ ಮಾತ್ರ ಹಿಡಿಯಕೂಡದು. ಕಾಗದವು ಹೊತ್ತಿಕೊಳ್ಳುವುದು, ಕಣ್ಣಿಗೂ ಅಪಾಯ. ಆ ದೂರವು 10 ಸೆಂಟಿಮೀಟರಾಗಿದ್ದರೆ, ಕತ್ತಲೆಯ ಕೋಣೆಯಲ್ಲಿ ಉರಿಯುವ ಮೇಣದಬತ್ತಿಯನ್ನು ಗಾಜಿನಿಂದ 15 ಸೆಂಟಿಮೀಟರು ದೂರದಲ್ಲಿಟ್ಟು ಆಚೆಗೆ 30 ಸೆಂಟಿಮೀಟರಿನಲ್ಲಿ ಕಾಗದವನ್ನು ಹಿಡಿಯಿರಿ. ಎರಡರಷ್ಟು ಎತ್ತರದ ಜ್ವಾಲೆಯು ತಲೆಕೆಳಗಾಗಿ ಅಲ್ಲಿ ಕಾಣಿಸುತ್ತದೆ. ಬತ್ತಿಯನ್ನು 5 ಸೆಂಟಿಮೀಟರಿಗೆ ತಂದರೆ ಕಾಗದವನ್ನು ಎಲ್ಲಿ ಹಿಡಿದರೂ ಜ್ವಾಲೆಯ ಚಿತ್ರವು ಮೂಡದು. ಗಾಜಿನ ಮೂಲಕ ನೋಡಿದವರಿಗೆ ಮಾತ್ರ ಅದು ನೇರವಾಗಿಯೂ ದೊಡ್ಡದಾಗಿಯೂ ಕಾಣುವುದು.

ಆ ಬಾಲಕಿಯು ಮರುದಿನ ಅದೇ ಪ್ರಶ್ನೆಗೆ ಇನ್ನೊಮ್ಮೆ ಉತ್ತರ ಬರೆದು ತಂದಳು. ಅಕ್ಷದ ಮೇಲೆ ಮೂರು ಬಿಂದುಗಳನ್ನು ಅಳೆದಿಟ್ಟ ಗುರುತುಗಳು ಪೆನ್ಸಿಲಿನಲ್ಲಿ ಇನ್ನೂ ಕಾಣುತ್ತಿದ್ದವು. ಪ್ರತಿಬಿಂಬವು ದರ್ಪಣದ ಮುಂದೆ, 'ಸಿ'ಯಿಂದ ಆಚೆಗೆ ಇತ್ತು. ಕೆಳಗಿನ ವಾಕ್ಯವು ಹಿಂದೆ ಬರೆದ ವಾಕ್ಯವೇ. ಈ ಸಾರಿ ಅದನ್ನು ಅವಳು ಚಿತ್ರವನ್ನು ಬರೆದಾದ ಮೇಲೆ, ಚಿತ್ರವನ್ನು ನೋಡಿಯೇ ಬರೆದಿದ್ದಳು.