ಎಮ್ ಅಕ್ಷರದ ಮೂರು ಕಾಲುಗಳು

ಹಳೆಯ ಮಾನಿಟರಿನಲ್ಲಿ ಸಣ್ಣ ಅಕ್ಷರಗಳ ಇಂಗ್ಲಿಷ್ ಪುಟವೊಂದನ್ನು ತೆರೆದು ಸ್ವಲ್ಪ ಬಾಗಿ ನೋಡಿ. ಚಿಕ್ಕ ಎಮ್ ಅಕ್ಷರದ ಒಂದು ಕಾಲು ದಪ್ಪ, ಉಳಿದೆರಡು ತೆಳು. ‘ಓ’ ಪಕ್ಕದ ಅಕ್ಷರಗಳಿಗಿಂತ ಒಂದು ಕೂದಲೆಳೆಯಷ್ಟು ಎತ್ತರ. ಅಕ್ಷರ ಬರೆದವರ ಕೈ ತಪ್ಪಿದ್ದಲ್ಲ ಇದು. ನಯವಾದ ರೇಖೆಯನ್ನು ಒರಟು ಚೌಕಗಳಲ್ಲಿ ತುಂಬಿಸುವಾಗ ಆಗುವ ಲೆಕ್ಕದ ಎಡವಟ್ಟು.

ಆ ಲೆಕ್ಕವನ್ನು ಒಮ್ಮೆ ಮಾಡಿಯೇ ನೋಡೋಣ. ಫಾಂಟಿನೊಳಗೆ ಅಕ್ಷರವೆಂದರೆ ಹೊರರೇಖೆ, ಅಷ್ಟೆ. ಪರದೆ ಆ ರೇಖೆಯನ್ನು ಪಿಕ್ಸೆಲ್‌ಗಳ ಮೇಲಿಟ್ಟು, ಯಾವ ಪಿಕ್ಸೆಲಿನ ನಡುಬಿಂದು ರೇಖೆಯ ಒಳಗೆ ಬೀಳುತ್ತದೋ ಅದನ್ನು ಕಪ್ಪು ಮಾಡುತ್ತದೆ. ನಮ್ಮ ಎಮ್‌ನ ಪ್ರತಿ ಕಾಲಿನ ದಪ್ಪ ಒಂದೂವರೆ ಪಿಕ್ಸೆಲ್ ಎಂದುಕೊಳ್ಳಿ. ಮೊದಲ ಕಾಲು 0.4ರಲ್ಲಿ ಶುರುವಾಗಿ 1.9ಕ್ಕೆ ಮುಗಿದರೆ 0.5 ಮತ್ತು 1.5 ಎಂಬ ಎರಡು ನಡುಬಿಂದುಗಳು ಒಳಗೆ ಸಿಗುತ್ತವೆ. ಕಾಲಿಗೆ ಎರಡು ಪಿಕ್ಸೆಲ್. ಎರಡನೆಯದು 4.6ರಿಂದ 6.1ರವರೆಗೆ ಇದ್ದರೆ 5.5 ಒಂದೇ ಸಿಗುತ್ತದೆ, ಒಂದು ಪಿಕ್ಸೆಲ್. 8.8ರಲ್ಲಿ ಶುರುವಾಗುವ ಮೂರನೆಯದಕ್ಕೂ ಒಂದೇ. ಮೂರೂ ಕಾಲು ಅಳತೆಯಲ್ಲಿ ಸಮ, ಪರದೆಯ ಮೇಲೆ ಒಂದು ಇನ್ನೆರಡರ ಎರಡರಷ್ಟು ದಪ್ಪ.

1984ರ ಮ್ಯಾಕಿಂಟಾಷ್‌ನಲ್ಲಿ ಈ ತೊಂದರೆ ಇರಲಿಲ್ಲ. ಸೂಸನ್ ಕೇರ್ ಅದರ ಅಕ್ಷರಗಳನ್ನು ಪಿಕ್ಸೆಲ್ ಪಿಕ್ಸೆಲ್ ಜೋಡಿಸಿಯೇ ರೂಪಿಸಿದ್ದರು. ಆದರೆ ಹಾಗೆ ಮಾಡಿದಾಗ ಪ್ರತಿ ಗಾತ್ರಕ್ಕೂ ಬೇರೆ ಚಿತ್ರ ಬೇಕು. ಒಂದೇ ಹೊರರೇಖೆಯಿಂದ ಎಲ್ಲ ಗಾತ್ರವನ್ನೂ ಪಡೆಯುವ ಆಸೆಯೇ ಹೊಸ ಸಮಸ್ಯೆಯನ್ನು ತಂದಿತು. ಅದಕ್ಕೆ ಮದ್ದು ಹಿಂಟಿಂಗ್: ಬಣ್ಣ ತುಂಬುವ ಮೊದಲೇ ರೇಖೆಯನ್ನು ಚೌಕಗಳ ಅಂಚಿಗೆ ಸರಿಸುವ ಸೂಚನೆಗಳು. ಆಪಲ್‌ನ ಟ್ರೂಟೈಪ್ 1991ರಲ್ಲಿ ಮ್ಯಾಕ್‌ಗೆ, ಮರುವರ್ಷ ವಿಂಡೋಸ್ 3.1ಕ್ಕೆ ಬಂದಾಗ ಈ ಸೂಚನೆಗಳು ಫಾಂಟಿನೊಳಗೇ ಕುಳಿತ ಪುಟ್ಟ ಪ್ರೋಗ್ರಾಂಗಳಾದವು.

ಎಮ್‌ಗೆ ಈ ಸೂಚನೆ ಹೇಳುವುದು ಇಷ್ಟು: ಕಾಲಿನ ಎಡ ಅಂಚನ್ನು ಹತ್ತಿರದ ಪಿಕ್ಸೆಲ್ ಗೆರೆಗೆ ತಳ್ಳು, ದಪ್ಪವನ್ನು ಇಡೀ ಫಾಂಟಿಗೆ ಗೊತ್ತುಮಾಡಿದ ಅಳತೆಗೆ, ಅಂದರೆ ಈ ಗಾತ್ರದಲ್ಲಿ ಒಂದು ಪಿಕ್ಸೆಲ್‌ಗೆ, ಹೊಂದಿಸು, ಮುಟ್ಟದೆ ಉಳಿದ ಬಿಂದುಗಳನ್ನು ಜೊತೆಗೆ ಎಳೆದುಕೋ. ಓ ಅಕ್ಷರದ ಗುಂಡು ತಲೆಗೂ ಇದೇ ಉಪಾಯ. ಕಣ್ಣಿಗೆ ಚಿಕ್ಕದಾಗಿ ಕಾಣದಿರಲಿ ಎಂದು ಅದನ್ನು ತುಸು ಎತ್ತರ ಬರೆದಿರುತ್ತಾರೆ. ಸಣ್ಣ ಗಾತ್ರದಲ್ಲಿ ಆ ತುಸುವೇ ಒಂದಿಡೀ ಪಿಕ್ಸೆಲ್ ಆಗಿಬಿಡಬಹುದು. ಹಾಗಾಗಿ ಸಾಕಷ್ಟು ದೊಡ್ಡ ಗಾತ್ರ ಬರುವವರೆಗೂ ಸೂಚನೆ ಅದನ್ನು ಒತ್ತಿ ಹಿಡಿಯುತ್ತದೆ.

ಆದರೂ ಹಿಂಟಿಂಗ್ ಬೆಲೆ ಕೇಳದೆ ಬಿಡುವುದಿಲ್ಲ. ಒಂದೊಂದು ಪಿಕ್ಸೆಲಿನ ಮೂರು ಕಾಲು, ನಡುವೆ ಸಮನಾದ ಎರಡು ಸಂದು: ಕೂಡಿದರೆ ಯಾವಾಗಲೂ ಬೆಸ ಸಂಖ್ಯೆಯೇ. ಹತ್ತು ಪಿಕ್ಸೆಲ್ ಅಗಲದ ಸಮತೋಲದ ಎಮ್ ಸಾಧ್ಯವೇ ಇಲ್ಲ. ಒಂಬತ್ತೋ ಹನ್ನೊಂದೋ ಆಗಬೇಕು, ಪಕ್ಕದ ಅಕ್ಷರ ಅದಕ್ಕೆ ತಕ್ಕಂತೆ ಸರಿಯಬೇಕು. ಸಣ್ಣ ಗಾತ್ರದಲ್ಲಿ ಪದದ ಒಳಗಿನ ಬಿಡುವು ಏರುಪೇರಾಗಿ ಕಾಣಲು ಇದೂ ಒಂದು ಕಾರಣ.

ಈ ಕಟ್ಟುಪಾಡಿಗೇ ತಲೆಬಾಗಿ ವಿನ್ಯಾಸವನ್ನು ತಿರುವುಮುರುವು ಮಾಡಿದ ಫಾಂಟ್ 1996ರ ವರ್ಡಾನಾ. ಮೈಕ್ರೋಸಾಫ್ಟ್‌ಗಾಗಿ ಮ್ಯಾಥ್ಯೂ ಕಾರ್ಟರ್ ಮೊದಲು ಪಿಕ್ಸೆಲ್ ಚಿತ್ರಗಳನ್ನು ಮಾಡಿ, ಅವು ಪರದೆಯಲ್ಲಿ ಓದಲು ಒಪ್ಪಿದ ಮೇಲೆ ಹೊರರೇಖೆ ಎಳೆದರು. ಆ ರೇಖೆಯಿಂದ ಮತ್ತದೇ ಪಿಕ್ಸೆಲ್ ಚಿತ್ರ ಮೂಡುವಂತೆ ಸೂಚನೆ ಬರೆದವರು ಟಾಮ್ ರಿಕ್ನರ್. ವರ್ಡಾನಾದ ದಪ್ಪಕ್ಷರ ಅಷ್ಟೊಂದು ದಪ್ಪವಿರುವುದೂ ಇದರಿಂದಲೇ: ಒಂದು ಪಿಕ್ಸೆಲಿನ ನಂತರದ ಮೆಟ್ಟಿಲು ಎರಡು, ನಡುವೆ ಏನೂ ಇಲ್ಲ. ಕಾರ್ಟರ್ ಹೆಸರು ಎಲ್ಲರಿಗೂ ಗೊತ್ತು. ರಿಕ್ನರ್ ಕೆಲಸಕ್ಕೂ ಅಷ್ಟೇ ಗೌರವ ಸಲ್ಲಬೇಕು ಎಂದು ನನಗನ್ನಿಸುತ್ತದೆ.

ಮುಂದೆ ಅಂಚಿಗೆ ಬೂದು ಬಣ್ಣ ಸೇರಿಸುವ ಉಪಾಯ ಬಂತು. ವಿಂಡೋಸ್ ಎಕ್ಸ್‌ಪಿಯ ಕ್ಲಿಯರ್‌ಟೈಪ್ ಪಿಕ್ಸೆಲಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆಬೇರೆಯಾಗಿ ಬಳಸಿ ಅಡ್ಡ ದಿಕ್ಕಿನ ಒರಟುತನವನ್ನು ತಗ್ಗಿಸಿತು. ಆದರೆ ಆ ಪಟ್ಟಿಗಳು ನಿಂತಿರುವುದು ಪಕ್ಕಪಕ್ಕದಲ್ಲಿ, ಒಂದರ ಮೇಲೊಂದಲ್ಲ. ಎತ್ತರದ ದಿಕ್ಕಿನಲ್ಲಿ ಅವುಗಳಿಂದ ಪ್ರಯೋಜನವಿಲ್ಲ.

ಕನ್ನಡಕ್ಕೆ ಬೇಕಾಗಿರುವುದು ಆ ಎತ್ತರವೇ. ತಲೆಕಟ್ಟು, ಒಡಲು, ಕೆಳಗೊಂದು ಒತ್ತು, ಎಲ್ಲವೂ ಒಂದೇ ಸಾಲಿನಲ್ಲಿ ಹಿಡಿಸಬೇಕು. ಒಡಲಿಗೆ ಏಳೆಂಟು ಪಿಕ್ಸೆಲ್ ಸಿಕ್ಕರೆ ಹೆಚ್ಚು, ಅದರಲ್ಲೇ ತಲೆಕಟ್ಟಿನ ಗೆರೆ ಎರಡು ಪಿಕ್ಸೆಲಿಗೆ ಹರಡಿ ಮಸುಕಾದರೆ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಕೈಯಿಂದ ಸೂಚನೆ ಬರೆಯೋಣವೆಂದರೆ ಒತ್ತಕ್ಷರಗಳ ಸಂಖ್ಯೆ ಹೆದರಿಸುತ್ತದೆ. ಮುಕ್ತ ತಂತ್ರಾಂಶವಾದ ಫ್ರೀಟೈಪ್‌ನ ಸ್ವಯಂಚಾಲಿತ ಹಿಂಟಿಂಗ್ ಇಲ್ಲಿ ಕೈಹಿಡಿಯುತ್ತದೆ. ಫಾಂಟಿನ ಗೆರೆ ಎಷ್ಟು ದಪ್ಪವೆಂದು ತಿಳಿಯಲು ಅದು ಕನ್ನಡದಲ್ಲಿ ಅಳೆಯುವುದು ಸೊನ್ನೆಯನ್ನು, ‘೦’. ಅಕ್ಷರಗಳು ಕೂರುವ ತಳದ ಗೆರೆಯನ್ನು ಅ, ಉ, ಎ, ಲ ಮುಂತಾದವುಗಳ ಬುಡ ನೋಡಿ ಗುರುತಿಸಿಕೊಂಡು, ಉಳಿದವುಗಳನ್ನೂ ಅದೇ ಪಿಕ್ಸೆಲ್ ಸಾಲಿಗೆ ತಂದು ನಿಲ್ಲಿಸುತ್ತದೆ.