ಹೆಲಿಕಾಪ್ಟರಿನ ಬಾಲಕ್ಕೆ ಫ್ಯಾನು ಯಾಕೆ?

ಹೆಲಿಕಾಪ್ಟರನ್ನು ಮೇಲೆತ್ತುವುದು ನೆತ್ತಿಯ ಮೇಲಿನ ದೊಡ್ಡ ಫ್ಯಾನು. ಹಾಗಾದ್ರೆ ಬಾಲದ ತುದಿಯಲ್ಲಿ ಪಕ್ಕಕ್ಕೆ ಮುಖ ಮಾಡಿ ತಿರುಗುವ ಸಣ್ಣ ಫ್ಯಾನಿಗೆ ಏನು ಕೆಲಸ?

ಮೊದಲು ಒಂದು ಪ್ರಯೋಗ ಮಾಡೋಣ. ಪಂಚಮಿ ಜೋಕಾಲಿಗೆ ಎರಡು ಹಗ್ಗ ಇರ್ತಾವ. ಇಲ್ಲಿ ಒಂದೇ ಹಗ್ಗ ಸಾಕು. ಬೇವಿನ ಮರಕ್ಕೆ ಹಳೇ ಟೈರು ಕಟ್ಟಿ, ಅದರಲ್ಲಿ ಕೂತು, ಕಾಲು ನೆಲದಿಂದ ಎತ್ತಿರಿ. ಸೈಕಲ್ಲಿನ ಮುಂದಿನ ಗಾಲಿಯನ್ನು ತಟ್ಟೆಯಂತೆ ಮಲಗಿಸಿ, ಅದರ ಅಚ್ಚನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಗಾಲಿಯನ್ನು ಎಡಕ್ಕೆ ಜೋರಾಗಿ ತಿರುಗಿಸಿರಿ. ನೀವು ನಿಧಾನವಾಗಿ ಬಲಕ್ಕೆ ತಿರುಗುತ್ತೀರಿ! ಗಾಲಿ ಹಿಡಿದು ನಿಲ್ಲಿಸಿದರೆ ನೀವೂ ನಿಲ್ಲುತ್ತೀರಿ.

ತಿರುಗುವ ವಸ್ತುವಿನಲ್ಲಿ ಇರುವ ಸಂವೇಗಕ್ಕೆ ಕೋನೀಯ ಸಂವೇಗ ಎನ್ನುತ್ತಾರೆ. ಹೊರಗಿನಿಂದ ಯಾರೂ ತಿರುಗಿಸದಿದ್ದರೆ ಒಟ್ಟು ಕೋನೀಯ ಸಂವೇಗ ಬದಲಾಗುವುದಿಲ್ಲ. ಮೊದಲು ಅದು ಸೊನ್ನೆ ಇತ್ತು. ಗಾಲಿಗೆ ಎಡಕ್ಕೆ ಎಷ್ಟು ಬಂತೋ ನಿಮಗೆ ಬಲಕ್ಕೆ ಅಷ್ಟೇ ಬಂತು. ಕೂಡಿಸಿದರೆ ಮತ್ತೆ ಸೊನ್ನೆ.

ಇಲ್ಲಿ ಒಂದು ಸಂಶಯ ಬರಬೇಕು. ಫ್ಯಾನು ಒಂದೇ ವೇಗಕ್ಕೆ ಬಂದ ಮೇಲೆ ಅದರ ಸಂವೇಗ ಹೆಚ್ಚುವುದಿಲ್ಲವಲ್ಲ, ಮತ್ತೆ ಹೆಲಿಕಾಪ್ಟರಿನ ಮೈ ಯಾಕೆ ತಿರುಗಬೇಕು? ಕಾರಣ ಗಾಳಿ. ರೆಕ್ಕೆಗಳು ಗಾಳಿಯನ್ನು ಕೆಳಗೆ ತಳ್ಳುವುದರ ಜೊತೆಗೆ ಸುತ್ತಲೂ ತಿರುಗಿಸುತ್ತವೆ. ಹೀಗೆ ಪ್ರತಿ ಸೆಕೆಂಡಿಗೂ ಫ್ಯಾನಿನ ಸಂವೇಗ ಗಾಳಿಗೆ ಸೋರಿಹೋಗುತ್ತದೆ. ಎಂಜಿನ್ ಅದನ್ನು ತುಂಬುತ್ತಲೇ ಇರಬೇಕು. ತುಂಬುವಾಗಲೆಲ್ಲ ಅಷ್ಟೇ ಸಂವೇಗ ಮೈಗೆ ತಿರುವುಮುರುವಾಗಿ ಸೇರುತ್ತದೆ. ಬಾಲದ ಫ್ಯಾನು ಗಾಳಿಯನ್ನು ಪಕ್ಕಕ್ಕೆ ತಳ್ಳಿ ಇದನ್ನು ಅಳಿಸುತ್ತದೆ.

ಎಷ್ಟು ಜೋರು ಬೇಕು? ಬೆಂಗಳೂರಿನ ಎಚ್‌ಎಎಲ್ ಕಟ್ಟಿದ 'ಧ್ರುವ' 1992ರ ಆಗಸ್ಟ್ 20ರಂದು ಮೊದಲ ಸಲ ಹಾರಿತು. ಅಂಥ ಹೆಲಿಕಾಪ್ಟರಿಗೆ ಹೊಂದುವ ಅಂದಾಜು ಲೆಕ್ಕ ನೋಡಿ. ದೊಡ್ಡ ಫ್ಯಾನು ಸೆಕೆಂಡಿಗೆ 5 ಸುತ್ತು ತಿರುಗಲಿ, ಎಂಜಿನ್ ಅದಕ್ಕೆ 10 ಲಕ್ಷ ವ್ಯಾಟ್ ಶಕ್ತಿ ಕೊಡಲಿ. 5 ಸುತ್ತು ಅಂದರೆ 31.4 ರೇಡಿಯನ್. 10 ಲಕ್ಷವನ್ನು 31.4ರಿಂದ ಭಾಗಿಸಿದರೆ ಸುಮಾರು 32,000 ನ್ಯೂಟನ್-ಮೀಟರ್. ಮೈಯನ್ನು ತಿರುಗಿಸುವ ಬಲ ಇದು. ಬಾಲದ ಫ್ಯಾನು 8 ಮೀಟರ್ ದೂರದಲ್ಲಿದ್ದರೆ 4,000 ನ್ಯೂಟನ್ ಸಾಕು, ಅಂದರೆ ಸುಮಾರು 4 ಕ್ವಿಂಟಲ್ ತೂಕದಷ್ಟು. ಬಾಲ ಉದ್ದ ಇರುವುದು ಇದಕ್ಕೇ. ಬಾಲ ಅರ್ಧ ಆದರೆ 8 ಕ್ವಿಂಟಲ್ ಬೇಕಾದೀತು!

ಹಾರುವಾಗ ಈ ಫ್ಯಾನು ಮುರಿದರೆ? ಮೈ ಗರಗರ ತಿರುಗತೊಡಗುತ್ತದೆ. ಆಗ ಪೈಲಟ್ ಇನ್ನಷ್ಟು ಶಕ್ತಿ ಕೊಟ್ಟರೆ ತಿರುಗುವುದು ಹೆಚ್ಚೇ ಆಗುತ್ತದೆ. ಅದಕ್ಕೇ ಅವನು ಎಂಜಿನ್ನಿನ ಶಕ್ತಿ ತೆಗೆದು ಕೆಳಗಿಳಿಯುತ್ತಾನೆ. ಕೆಳಗಿನಿಂದ ಬರುವ ಗಾಳಿಯೇ ದೊಡ್ಡ ಫ್ಯಾನನ್ನು ತಿರುಗಿಸುತ್ತಿರುತ್ತದೆ. ಎಂಜಿನ್ ತಿರುಗಿಸದಿದ್ದರೆ ಮೈಗೆ ತಿರುವು ಸೇರುವುದಿಲ್ಲ. ಆದರೆ ಇದಕ್ಕೆ ಸಾಕಷ್ಟು ಎತ್ತರ ಬೇಕು. ನೆಲದ ಸಮೀಪ ಮುರಿದರೆ ಸಮಯ ಸಿಗುವುದು ಕಷ್ಟ.

ನಮ್ಮ ನೌಕಾಪಡೆಯ ಕಾಮೊವ್-31 ಹೆಲಿಕಾಪ್ಟರಿಗೆ ಬಾಲದ ಫ್ಯಾನೇ ಇಲ್ಲ. ನೆತ್ತಿಯ ಮೇಲೆ ಒಂದರ ಮೇಲೊಂದು ಎರಡು ಫ್ಯಾನು ಇವೆ. ಅವೆರಡೂ ಒಂದೇ ದಿಕ್ಕಿಗೆ ತಿರುಗುತ್ತವೋ, ಎದುರುಬದುರು ತಿರುಗುತ್ತವೋ? ಟೈರಿನಲ್ಲಿ ಕೂತು ಯೋಚಿಸಿ ಹೇಳ್ರಿ.