ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗಲಿ, ಬೂದಿ ಆಗೋದು ಬೇಡ

ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರೆದಿಟ್ಟಿದ್ದೀನಿ. ಅದರಲ್ಲಿ ಅಂಕಿಗಳನ್ನ ಗಡಿಬಿಡಿಯಲ್ಲಿ ಹೇಳಿಬಿಟ್ಟೆ, ಇಲ್ಲಿ ನಿಧಾನಕ್ಕೆ ನೋಡಬಹುದು.

ಅಕ್ಕನ ಮಗುವಿನ ನಾಮಕರಣಕ್ಕೆ ಪುಣೆಯಿಂದ ಶಿವಮೊಗ್ಗಕ್ಕೆ ಹೋಗಿದ್ದೆ. ಮೂರು ತಿಂಗಳಿಂದ ಅವಳಿಗೆ ಸರಿಯಾಗಿ ನಿದ್ದೆ ಇಲ್ಲ. ಮಗುವನ್ನ ಮಡಿಲಲ್ಲಿ ಇಟ್ಟುಕೊಂಡು ಕೂತ ಒಂದು ಫೋಟೋ ತುಂಬ ಚೆನ್ನಾಗಿ ಬಂದಿತ್ತು, ಆದರೆ ಕಣ್ಣಿನ ಕೆಳಗೆ ಎರಡು ಕಡೆ ನೇರಳೆ ಕಪ್ಪು. "ಇದನ್ನ ಗೋಡೆಗೆ ಹಾಕಬೇಕು ಅಂತಿದ್ದೆ, ಸ್ವಲ್ಪ ಸರಿ ಮಾಡಿ ಕೊಡೋ" ಅಂದಳು. ಇಮೇಜ್ ಪ್ರೊಸೆಸಿಂಗ್‌ನಲ್ಲೇ ಎಂಟೆಕ್ ಪ್ರಾಜೆಕ್ಟ್ ಮಾಡಿದವನು ನಾನು, ಇದೇನು ಮಹಾ ಅಂತ ಹತ್ತು ನಿಮಿಷದಲ್ಲಿ ಮಾಡಿ ಕಳಿಸಿದೆ. ಅವಳು ನೋಡಿ ಹೇಳಿದ್ದು ಇಷ್ಟೇ: "ಮೊದಲು ನಿದ್ದೆಗೆಟ್ಟವಳ ಥರ ಇದ್ದೆ. ಈಗ ಕಾಯಿಲೆ ಬಿದ್ದು ಎದ್ದವಳ ಥರ ಕಾಣ್ತೀನಿ ಕಣೋ."

ಅವಳು ಹೇಳಿದ್ದು ನಿಜ. ಕಣ್ಣಿನ ಕೆಳಗೆ ಕಪ್ಪು ಹೋಗಿತ್ತು, ಆದರೆ ಆ ಜಾಗದಲ್ಲಿ ವಿಭೂತಿ ಬಳಿದ ಹಾಗೆ ಬೂದು ಬಣ್ಣ ಬಂದಿತ್ತು. ಅದರ ಕೆಳಗಿನ ಗೆರೆ ಇನ್ನೂ ಆಳವಾಗಿ, ಕಣ್ಣು ಗುಳಿ ಬಿದ್ದ ಹಾಗೆ ಕಾಣ್ತಿತ್ತು. ಬೂದು ಮತ್ತು ಗುಳಿ, ಇವು ಎರಡು ಬೇರೆ ಬೇರೆ ತಪ್ಪು. ಒಂದೊಂದಾಗಿ ನೋಡೋಣ.

ಮೊದಲು ಬೂದು ಯಾಕೆ ಬರುತ್ತೆ ಅನ್ನೋದು. ನಾನು ಮಾಡಿದ್ದು ಎಲ್ಲರೂ ಮಾಡೋದೇ: ಮೆತ್ತನೆ ಬ್ರಷ್, ಬಿಳಿ ಬಣ್ಣ, ಶೇಕಡಾ 40 ಅಪಾಸಿಟಿ, ಮೇಲೆ ಬಳಿದೆ. ಆಮೇಲೆ ಗಿಂಪ್‌ನಲ್ಲಿ ಕಲರ್ ಪಿಕರ್ ತಗೊಂಡು ಅಂಕಿ ನೋಡಿದಾಗ ವಿಷಯ ಗೊತ್ತಾಯ್ತು. ಅಕ್ಕನ ಕೆನ್ನೆ, ಕೆಂಪು-ಹಸಿರು-ನೀಲಿ ಲೆಕ್ಕದಲ್ಲಿ, 178, 130, 102. ಕಣ್ಣಿನ ಕೆಳಗೆ 122, 88, 80. ಇದಕ್ಕೆ ಶೇಕಡಾ 40 ಬಿಳಿ ಬೆರೆಸಿದರೆ ಮೂರೂ ಅಂಕಿ 255ರ ಕಡೆಗೆ ಶೇಕಡಾ 40ರಷ್ಟು ದಾರಿ ನಡೆಯುತ್ತವೆ: 175, 155, 150. ಕೆಂಪು ಹೆಚ್ಚುಕಮ್ಮಿ ಕೆನ್ನೆಯ ಮಟ್ಟಕ್ಕೆ ಬಂತು, ಸರಿ. ಆದರೆ ಕೆನ್ನೆಯಲ್ಲಿ ಕೆಂಪಿಗೂ ನೀಲಿಗೂ 76ರ ಅಂತರ ಇದೆ, ಇಲ್ಲಿ ಉಳಿದಿರೋದು ಬರೀ 25. ಚರ್ಮ ಜೀವಂತವಾಗಿ ಕಾಣೋದೇ ಈ ಅಂತರದಿಂದ. ಮೂರು ಅಂಕಿಗಳು ಒಂದಕ್ಕೊಂದು ಹತ್ತಿರ ಬಂದಷ್ಟೂ ಬಣ್ಣ ಬೂದಿಯ ಕಡೆಗೆ ಹೋಗುತ್ತೆ. ನಮ್ಮ ಗೋಧಿ, ಕಂದು ಮೈಬಣ್ಣದಲ್ಲಿ ಇದು ಇನ್ನೂ ಬೇಗ ಕಣ್ಣಿಗೆ ಹೊಡೆಯುತ್ತೆ, ಯಾಕಂದ್ರೆ ಪಕ್ಕದ ಕೆನ್ನೆಯಲ್ಲಿ ಅಂತರ ಅಷ್ಟು ದೊಡ್ಡದಾಗಿರುತ್ತೆ.

ಹಾಗಾದರೆ ಬಿಳಿ ಬಿಟ್ಟು ಮೂರನ್ನೂ ಒಂದೇ ಪಾಲಿನಲ್ಲಿ ಗುಣಿಸಿದರೆ? ಎಕ್ಸ್‌ಪೋಷರ್ ಏರಿಸೋದು ಸುಮಾರಾಗಿ ಅದೇ. 1.35ರಿಂದ ಗುಣಿಸಿದರೆ 165, 119, 108 ಬರುತ್ತೆ. ಬೂದಿ ಆಗಲ್ಲ, ಆದರೆ ಕೆನ್ನೆಯ ನೀಲಿಯೇ 102 ಇರುವಾಗ ಇಲ್ಲಿ 108 ಆಯ್ತು. ಅಂದರೆ ನೇರಳೆ ಛಾಯೆ ಹೋಗಲಿಲ್ಲ, ಬೆಳ್ಳಗಾಯ್ತು ಅಷ್ಟೇ. ಕಣ್ಣಿನ ಕೆಳಗಿನ ಚರ್ಮ ತುಂಬ ತೆಳು, ಒಳಗಿನ ರಕ್ತನಾಳಗಳ ಛಾಯೆ ಅದರ ಮೂಲಕ ಕಾಣುತ್ತೆ. ಬೆಳಕು ಏರಿಸಿದರೆ ಆ ಛಾಯೆಯೂ ಜೊತೆಗೇ ಏರುತ್ತೆ.

ಆದ್ದರಿಂದ ಮೂರು ಅಂಕಿಗಳನ್ನ ಬೇರೆ ಬೇರೆಯಾಗಿ ಏರಿಸಬೇಕು. ಎಷ್ಟು ಅನ್ನೋದಕ್ಕೆ ಕೆನ್ನೆಯೇ ಅಳತೆ. ಕೆನ್ನೆಗೂ ಕಪ್ಪು ಜಾಗಕ್ಕೂ ಇರುವ ವ್ಯತ್ಯಾಸದಲ್ಲಿ ಮೂರನೇ ಎರಡು ಭಾಗ ಮಾತ್ರ ತುಂಬೋದು ನನ್ನ ರೂಢಿ. ಅಕ್ಕನ ಲೆಕ್ಕ ಹೀಗೆ: ಕೆಂಪಿನಲ್ಲಿ ವ್ಯತ್ಯಾಸ 56, ಅದರಲ್ಲಿ 37 ತುಂಬಿದರೆ 122 ಹೋಗಿ 159. ಹಸಿರಿನಲ್ಲಿ 42, ಅದರಲ್ಲಿ 28, ಹಾಗಾಗಿ 88 ಹೋಗಿ 116. ನೀಲಿಯಲ್ಲಿ 22, ಅದರಲ್ಲಿ 15, ಹಾಗಾಗಿ 80 ಹೋಗಿ 95. ಈಗ ಕೆಂಪು-ನೀಲಿ ಅಂತರ 64. ಕೆನ್ನೆಗಿಂತ ಸ್ವಲ್ಪ ಮಬ್ಬು, ಆದರೆ ಅದೇ ಮುಖದ ಚರ್ಮ.

ಪೂರ್ತಿ ತುಂಬಬಾರದಾ ಅಂತ ಕೇಳಬಹುದು. ಕಣ್ಣಿನ ಕೆಳಗೆ ಯಾರಿಗೇ ಆದರೂ ಕೆನ್ನೆಗಿಂತ ಸ್ವಲ್ಪ ನೆರಳು ಇದ್ದೇ ಇರುತ್ತೆ, ಪುಟ್ಟ ಮಕ್ಕಳಿಗೂ. ಅದನ್ನ ಕೆನ್ನೆಗೆ ಸಮ ಮಾಡಿದರೆ ಮುಖ ಚಪ್ಪಟೆ. ಅದಕ್ಕಿಂತ ಬೆಳ್ಳಗೆ ಮಾಡಿದರೆ ಬಿಸಿಲಲ್ಲಿ ಕನ್ನಡಕ ಹಾಕ್ಕೊಂಡು ಓಡಾಡಿ ಬಂದವರ ಥರ ಬಿಳಿ ಉಂಗುರ.

ಇನ್ನು ಮಾಡೋ ಕ್ರಮ. ಗಿಂಪ್‌ನಲ್ಲಿ ಕಲರ್ ಪಿಕರ್‌ನ Sample average ಆನ್ ಮಾಡಿ, ಒಂದೇ ಪಿಕ್ಸೆಲ್ ನಂಬಬೇಡಿ. ಕೆನ್ನೆಯ ಅಂಕಿ ತಗೊಳ್ಳುವಾಗ ಬೆಳಕು ಹೊಳೆಯೋ ಉಬ್ಬನ್ನ ಬಿಟ್ಟು, ಕಪ್ಪು ಜಾಗದಿಂದ ಒಂದು ಬೆರಳಷ್ಟು ಕೆಳಗೆ ತಗೊಳ್ಳಿ. ಆಮೇಲೆ Layer > Duplicate Layer. ಆ ಪ್ರತಿಯ ಮೇಲೆ Colors > Curves ತೆರೆದು, Red ಚಾನೆಲ್‌ನಲ್ಲಿ ಒಂದು ಬಿಂದು ಇಟ್ಟು 122 ಅನ್ನೋದನ್ನ 159ಕ್ಕೆ ಎತ್ತಿ. Green, Blue ಎರಡರಲ್ಲೂ ಅವುಗಳ ಅಂಕಿ. ಇಡೀ ಫೋಟೋ ವಿಚಿತ್ರವಾಗಿ ಬೆಳ್ಳಗಾಗುತ್ತೆ, ಗಾಬರಿ ಬೇಡ. Layer > Mask > Add Layer Mask ಹೋಗಿ Black ಆರಿಸಿದರೆ ಎಲ್ಲ ಮಾಯ. ಈಗ ಮಾಸ್ಕ್ ಮೇಲೆ ಬಿಳಿ ಬ್ರಷ್‌ನಿಂದ ಬಳಿದ ಕಡೆ ಮಾತ್ರ ತಿದ್ದಿದ್ದು ಕಾಣುತ್ತೆ. ಬ್ರಷ್ ಮೆತ್ತಗಿರಲಿ, ಅಪಾಸಿಟಿ 15ರಿಂದ 20. ಒಂದೇ ಸಲಕ್ಕೆ ಮುಗಿಸೋ ಆತುರ ಬೇಡ, ನಾಲ್ಕೈದು ಸಲ ಹೋಗಿ. ಬೇರೆ ಸಾಫ್ಟ್‌ವೇರ್ ಬಳಸೋರಿಗೂ ಕರ್ವ್ಸ್ ಮತ್ತು ಮಾಸ್ಕ್ ಇದ್ದರೆ ಸಾಕು.

ಗುಳಿ ಸರಿಹೋಗೋದು, ಕೆಡೋದು ಎರಡೂ ಈ ಬಳಿಯೋ ಕೆಲಸದಲ್ಲೇ. ಕಣ್ಣಿನ ಕೆಳಗೆ ನಾವು "ಕಪ್ಪು" ಅಂತ ಒಟ್ಟಿಗೆ ಹೇಳೋದರಲ್ಲಿ ಎರಡು ವಸ್ತು ಇವೆ. ಒಂದು ಚರ್ಮದ ಬಣ್ಣ. ಇನ್ನೊಂದು ಮೂಗಿನ ಪಕ್ಕದಿಂದ ಕೆನ್ನೆಯ ಕಡೆಗೆ ಓರೆಯಾಗಿ ಇಳಿಯೋ ಸಣ್ಣ ತಗ್ಗು, ಅದರಲ್ಲಿ ಬೀಳೋ ನೆರಳು. ತಗ್ಗಿನ ಮೇಲೆ, ರೆಪ್ಪೆಯ ಕೆಳಗೆ, ಸ್ವಲ್ಪ ಉಬ್ಬು ಇರುತ್ತೆ. ನಿದ್ದೆಗೆಟ್ಟಾಗ ಆ ಉಬ್ಬು ಇನ್ನೂ ಊದಿಕೊಳ್ಳುತ್ತೆ. ನಾನು ಮೊದಲ ಸಲ ಅರ್ಧಚಂದ್ರದ ಆಕಾರದಲ್ಲಿ ಇಡೀ ಜಾಗಕ್ಕೆ ಬಳಿದಿದ್ದೆ. ಮೊದಲೇ ಬೆಳಕಿದ್ದ ಉಬ್ಬು ಇನ್ನೂ ಬೆಳಗಿತು, ತಗ್ಗಿನ ಗೆರೆ ಕಪ್ಪಾಗೇ ಉಳಿಯಿತು. ಉಬ್ಬು ಬೆಳಗಿ ತಗ್ಗು ಕಪ್ಪಾಗಿದ್ದರೆ ಕಣ್ಣು ಅದನ್ನ ಆಳ ಅಂತಲೇ ಓದುತ್ತೆ.

ಎರಡನೇ ಸಲ ಬ್ರಷ್ಷನ್ನ ತಗ್ಗಿನ ಅಗಲದ ಮೂರನೇ ಒಂದು ಭಾಗಕ್ಕೆ ಇಳಿಸಿ, ಗೆರೆಯುದ್ದಕ್ಕೂ ಹೋದೆ. ಆಮೇಲೆ ದೊಡ್ಡ ಬ್ರಷ್, ಇನ್ನೂ ಕಡಿಮೆ ಅಪಾಸಿಟಿ, ಗೆರೆಯಿಂದ ಕೆನ್ನೆಯ ಕಡೆಗೆ ಕರಗಿಸಿದೆ. ಉಬ್ಬನ್ನ ಮುಟ್ಟಲೇ ಇಲ್ಲ. ರೆಪ್ಪೆಕೂದಲಿನ ಅಂಚಿಗೆ ಒತ್ತಿಕೊಂಡ ತೆಳು ನೆರಳನ್ನೂ ಮೂಗಿನ ಪಕ್ಕದ ಮೂಲೆಯನ್ನೂ ಹಾಗೇ ಬಿಟ್ಟೆ. ಆ ನೆರಳು ಹೋದರೆ ಕಣ್ಣು ಮುಖದ ಮೇಲೆ ಅಂಟಿಸಿದ ಹಾಗೆ ಕಾಣುತ್ತೆ. ಸುಕ್ಕುಗಳನ್ನೂ ತೆಗೆಯಲಿಲ್ಲ. ಹೀಲ್ ಟೂಲ್‌ನಿಂದ ಉಜ್ಜಿದರೆ ನಗುವಿನ ಗೆರೆಗಳೂ ಹೋಗುತ್ತವೆ, ಅವಳು ಆ ಫೋಟೋದಲ್ಲಿ ನಗ್ತಿದ್ದಾಳೆ.

ಸರಿ ಬಂತೋ ಇಲ್ಲವೋ ನೋಡೋಕೆ ನನ್ನ ದಾರಿ ಎರಡು. ಫೋಟೋವನ್ನ ವಾಟ್ಸಾಪ್ ಡಿಪಿ ಗಾತ್ರಕ್ಕೆ ಚಿಕ್ಕದು ಮಾಡಿ. ಆಗಲೂ ಕಣ್ಣಿನ ಸುತ್ತ ತೇಪೆ ಕಂಡರೆ ಜಾಸ್ತಿ ಆಗಿದೆ. ಇನ್ನೊಂದು, ಎಲ್ಲದರ ಮೇಲೆ ಒಂದು ಬೂದು ಬಣ್ಣದ ಲೇಯರ್ ಹಾಕಿ, ಮೋಡ್ HSL Color ಕೊಡಿ. ಫೋಟೋ ಕಪ್ಪುಬಿಳುಪಾಗುತ್ತೆ, ಬಣ್ಣ ಮರೆಯಾಗಿ ಬೆಳಕು-ನೆರಳು ಮಾತ್ರ ಉಳಿಯುತ್ತೆ. ಕಪ್ಪುಬಿಳುಪಿನಲ್ಲಿ ಚೆನ್ನಾಗಿದ್ದು ಬಣ್ಣದಲ್ಲಿ ಕೆಟ್ಟು ಕಂಡರೆ ತಪ್ಪು ಇರೋದು ನೀಲಿ ಅಥವಾ ಹಸಿರಿನ ಅಂಕಿಯಲ್ಲಿ. ಕಪ್ಪುಬಿಳುಪಿನಲ್ಲೇ ಗುಳಿ ಕಂಡರೆ ಮಾಸ್ಕ್ ಬಳಿದ ಜಾಗ ತಪ್ಪಿದೆ.

ಇದಕ್ಕೂ ಒಂದು ಮಿತಿ ಇದೆ. ತಲೆಯ ಮೇಲೆ ಟ್ಯೂಬ್‌ಲೈಟ್ ಇಟ್ಟುಕೊಂಡು, ಕತ್ತಲೆ ಹಾಲ್‌ನಲ್ಲಿ ಫೋನಿನಿಂದ ತೆಗೆದ ಫೋಟೋದಲ್ಲಿ ನೆರಳೊಳಗೆ ಚರ್ಮದ ವಿವರವೇ ಇರಲ್ಲ. ಅದನ್ನ ಎತ್ತಿದರೆ ಬರೋದು ಕಾಳುಕಾಳು ನಾಯ್ಸ್. ಅದಕ್ಕೆ ತೆಗೆಯೋವಾಗಲೇ ಕಿಟಕಿಗೆ ಮುಖ ಮಾಡಿ ಕೂರಿಸಿ, ತೊಡೆಯ ಮೇಲೆ ಒಂದು ಬಿಳಿ ಪಂಚೆ ಹರಡಿ. ಕೆಳಗಿನಿಂದ ತಿರುಗಿ ಬರೋ ಬೆಳಕು ತಗ್ಗಿನ ನೆರಳನ್ನ ಅರ್ಧಕ್ಕರ್ಧ ತೆಗೆದುಬಿಡುತ್ತೆ, ಉಳಿಯೋದು ಬಣ್ಣ ಮಾತ್ರ. ನಾಮಕರಣದ ದಿನ ನನಗೆ ಇದು ಹೊಳೆಯಲಿಲ್ಲ, ಅಪ್ಪ ಪಂಚೆ ಉಟ್ಟುಕೊಂಡು ಪಕ್ಕದಲ್ಲೇ ನಿಂತಿದ್ದರು!

ಹೊಸದನ್ನ ಕಳಿಸಿದೆ. ಅಕ್ಕ ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಸುಸ್ತಾಗಿದೀನಿ ಅಂತ ಗೊತ್ತಾಗುತ್ತೆ, ಆದ್ರೆ ನಾನೇ" ಅಂತ ಬಂತು. ಅದರ ಹಿಂದೆಯೇ ಭಾವನ ಫೋಟೋ, "ಇವರದ್ದೂ ಹಾಗೇ ಮಾಡು."

ಹಾಗೇ ಮಾಡಿದ್ದರೆ ಕೆಟ್ಟಿರೋದು. ಭಾವನದ್ದು ನೇರಳೆ ಅಲ್ಲ, ಕಂದು. ರಕ್ತನಾಳದ ಛಾಯೆ ಅಲ್ಲ, ಚರ್ಮದಲ್ಲೇ ವರ್ಣ ಜಾಸ್ತಿ ಇರೋದು, ನಮ್ಮವರಲ್ಲಿ ಇದು ಬಹಳ ಸಾಮಾನ್ಯ. ಅವರ ಕೆನ್ನೆ 165, 120, 92. ಕಣ್ಣಿನ ಕೆಳಗೆ 118, 76, 50. ಇಲ್ಲಿ ನೀಲಿ ಮೊದಲೇ ತುಂಬ ಕಡಿಮೆ. ಅಕ್ಕನಿಗೆ ಕೊಟ್ಟ ಹಾಗೆ ನೀಲಿಯನ್ನ ಬರೀ 15 ಏರಿಸಿ ಕೆಂಪು 37 ಏರಿಸಿದ್ದರೆ ಕಣ್ಣಿನ ಕೆಳಗೆ ಇಟ್ಟಿಗೆ ಬಣ್ಣ. ಅದೇ ಮೂರನೇ ಎರಡು ಲೆಕ್ಕ ಹಾಕಿದರೆ ಕೆಂಪು 149, ಹಸಿರು 105, ನೀಲಿ 78. ಅಂದರೆ ನೀಲಿ 28 ಏರಬೇಕು, ಹೆಚ್ಚುಕಮ್ಮಿ ಕೆಂಪಿನಷ್ಟೇ. ಹಾಗೇ ಮಾಡಿ ಕಳಿಸಿದೆ. ಶಿವಮೊಗ್ಗದ ಸ್ಟುಡಿಯೋದಲ್ಲಿ ಮೊದಲು ಒಂದು ಸಣ್ಣ ಪ್ರಿಂಟ್ ಹಾಕಿಸಿ ನೋಡು ಅಂತಲೂ ಹೇಳಿದೆ, ಯಾಕಂದ್ರೆ ಪೂರ್ತಿ ಬ್ರೈಟ್‌ನೆಸ್ ಇಟ್ಟ ಫೋನ್ ಪರದೆಗಿಂತ ಕಾಗದ ಮಬ್ಬಾಗೇ ಬರುತ್ತೆ, ಬಿಟ್ಟ ಆ ಮೂರನೇ ಒಂದು ಭಾಗದ ನೆರಳು ಅಲ್ಲಿ ಅರ್ಧದಷ್ಟು ಕಂಡರೂ ಕಾಣಬಹುದು. ಕಂಡರೆ ಲೇಯರ್ ಇನ್ನೂ ಇದೆ, ಮಾಸ್ಕ್ ಮೇಲೆ ಇನ್ನೊಂದು ಸಲ ಬ್ರಷ್ ಆಡಿಸಿದರೆ ಮುಗೀತು.